ದಂಡ ಇದೆಯೇ ಎಂದು ಕೇಳಬೇಕಾದ ಜಾಗ

‘ನಿಮ್ಮ ವಾಹನ ಸಿಗ್ನಲ್ ಉಲ್ಲಂಘಿಸಿದೆ. ದಂಡ 500 ರೂಪಾಯಿ. ಇಂದೇ ಪಾವತಿಸದಿದ್ದರೆ ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ.’ ಅದರ ಕೆಳಗೆ ಗಾಡಿಯ ಸಂಖ್ಯೆ, ಚಲನ್ ಸಂಖ್ಯೆ ಎಂದು ಒಂದಷ್ಟು ಅಂಕಿಗಳು, ಕೊನೆಗೊಂದು ನೀಲಿ ಬಣ್ಣದ ಲಿಂಕ್. ಇಂಥ ಸಂದೇಶ ಬರದ ಮೊಬೈಲ್ ಈಗ ಕಡಿಮೆ. ಕೆಲವರಿಗೆ ಎಸ್‌ಎಂಎಸ್‌ನಲ್ಲಿ ಬರುತ್ತದೆ, ಕೆಲವರಿಗೆ ವಾಟ್ಸ್‌ಆ್ಯಪ್‌ನಲ್ಲಿ.

ಬಂದ ಕೂಡಲೇ ನಾವು ಮಾಡುವುದು ಸಂದೇಶದ ಪರೀಕ್ಷೆ. ಕಾಗುಣಿತ ಸರಿಯಿದೆಯೇ, ಲಾಂಛನ ಇದೆಯೇ, ಗಾಡಿ ಸಂಖ್ಯೆ ನಮ್ಮದೇ ಹೌದೇ ಎಂದು ನೋಡುತ್ತೇವೆ. ಈ ಪರೀಕ್ಷೆಯಲ್ಲಿ ವಂಚಕರು ಈಗ ಸುಲಭವಾಗಿ ಪಾಸಾಗುತ್ತಾರೆ. ಭಾಷೆಯನ್ನು ಅವರು ತಿದ್ದಿಕೊಂಡಿದ್ದಾರೆ. ಗಾಡಿ ಸಂಖ್ಯೆ, ಮಾಲೀಕರ ಮೊಬೈಲ್ ಸಂಖ್ಯೆ ಎಲ್ಲೆಲ್ಲಿಂದಲೋ ಸೋರಿಕೆಯಾಗಿ ಅವರ ಕೈ ಸೇರಿವೆ. ಮೊತ್ತವನ್ನೂ ನಂಬುವಂತೆಯೇ ಇಡುತ್ತಾರೆ. ಕರ್ನಾಟಕದಲ್ಲಿ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ದಂಡ 500 ರೂಪಾಯಿಯೇ. ಸರ್ಕಾರಿ ಸಂಸ್ಥೆಗಳು ಕಳಿಸುವ ಎಸ್‌ಎಂಎಸ್‌ಗಳಲ್ಲಿ ಕಳುಹಿಸಿದವರ ಹೆಸರಿನ ಕೊನೆಗೆ -G ಎಂಬ ಗುರುತು ಇರಬೇಕೆಂದು 2025ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ನಿಯಮ ತಂದಿದೆ. ಹತ್ತಂಕಿಯ ಸಾಮಾನ್ಯ ಮೊಬೈಲ್ ಸಂಖ್ಯೆಯಿಂದ ಬಂದ ‘ಚಲನ್’ ಅನುಮಾನಕ್ಕೆ ಯೋಗ್ಯ ಎನ್ನುವಷ್ಟಕ್ಕೆ ಅದು ನೆರವಾಗುತ್ತದೆ. ಅದೊಂದನ್ನೇ ನಂಬಿ ಲಿಂಕ್ ಒತ್ತಬಾರದು.

ಸಂದೇಶ ಅಸಲಿಯೋ ನಕಲಿಯೋ ಎಂಬುದು ಒಂದು ಪ್ರಶ್ನೆ. ನನ್ನ ಗಾಡಿಯ ಮೇಲೆ ದಂಡ ಬಾಕಿ ಇದೆಯೇ ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಕಲಸಿಕೊಂಡಾಗಲೇ ಬೆರಳು ಲಿಂಕ್ ಮೇಲೆ ಹೋಗುವುದು. ಮೊದಲನೆಯದಕ್ಕೆ ಉತ್ತರ ಹುಡುಕುತ್ತಾ ಕೂರುವ ಅಗತ್ಯವೇ ಇಲ್ಲ. ಎರಡನೆಯದಕ್ಕೆ ಉತ್ತರ ಸರ್ಕಾರದ ದಾಖಲೆಯಲ್ಲಿದೆ, ಅಲ್ಲಿಗೆ ನಾವೇ ಹೋಗಿ ನೋಡಬಹುದು.

ತುಮಕೂರಿನಲ್ಲಿರುವ ನನ್ನ ಪರಿಚಯದ ನಿವೃತ್ತ ಮೇಷ್ಟ್ರಿಗೆ ಇಂಥದೇ ಸಂದೇಶ ಬಂದಿತ್ತು. ‘ನೋಡಪ್ಪ, ನಂಬರ್ ನನ್ನ ಸ್ಕೂಟರಿಂದೇ. ಆದ್ರೆ ನಾನು ಮಾರ್ಕೆಟ್ಟು, ಬ್ಯಾಂಕು ಬಿಟ್ರೆ ಎಲ್ಲೂ ಓಡಿಸಲ್ಲ. ಐನೂರು ರೂಪಾಯಿ ಕಟ್ಟಿ ಕೈ ತೊಳ್ಕೊಳ್ಳೋದೇ ವಾಸಿ ಅನ್ನಿಸ್ತಿದೆ’ ಎಂದರು. ‘ಕಟ್ಟೋಣ ಸಾರ್, ಬಾಕಿ ಇದ್ರೆ. ಮೊದ್ಲು ನೋಡೋಣ’ ಎಂದು ಅವರ ಆರ್‌ಸಿ ಕಾರ್ಡ್ ತರಿಸಿದೆ.

ಸಂದೇಶವನ್ನು ಹಾಗೇ ಬಿಟ್ಟು ಬ್ರೌಸರ್ ತೆರೆದು echallan.parivahan.gov.in ಎಂಬ ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿದೆವು. ಗೂಗಲ್‌ನಲ್ಲಿ ‘ಇ-ಚಲನ್’ ಎಂದು ಹುಡುಕಿ ಮೊದಲು ಸಿಕ್ಕಿದ್ದನ್ನು ಒತ್ತಲಿಲ್ಲ, ಏಕೆಂದರೆ ಹುಡುಕಾಟದ ಪುಟದ ತುದಿಯಲ್ಲಿ ಕಾಣುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತೂ ಆಗಿರಬಹುದು. ಈ ಜಾಲತಾಣ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ್ದು, ಕಟ್ಟಿದವರು ರಾಷ್ಟ್ರೀಯ ಮಾಹಿತಿ ಕೇಂದ್ರದವರು. ಅದರಲ್ಲಿ Check Challan Status ಎಂಬ ಸೇವೆ ಇದೆ. ಚಲನ್ ಸಂಖ್ಯೆ, ವಾಹನ ಸಂಖ್ಯೆ, ಡಿಎಲ್ ಸಂಖ್ಯೆ, ಈ ಮೂರರಲ್ಲಿ ಯಾವುದನ್ನಾದರೂ ಕೊಟ್ಟು ಹುಡುಕಬಹುದು.

ಮೊದಲು ಸಂದೇಶದಲ್ಲಿದ್ದ ಚಲನ್ ಸಂಖ್ಯೆಯನ್ನು ಹಾಕಿದೆವು. ಅಂಥ ಚಲನ್ ಸಿಗಲಿಲ್ಲ. ಇಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಬಾರದು. ಸಂಖ್ಯೆ ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಹೀಗೇ ಆಗುತ್ತದೆ. ಆದ್ದರಿಂದ ವಾಹನ ಸಂಖ್ಯೆಯಿಂದಲೂ ಹುಡುಕಿದೆವು. ಹಾಗೆ ಹುಡುಕುವಾಗ ಚಾಸಿಸ್ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಐದು ಅಕ್ಷರಗಳನ್ನು ಕೇಳುತ್ತದೆ. ಅವು ಆರ್‌ಸಿಯಲ್ಲಿವೆ. ಕಾರ್ಡ್ ಕೈಯಲ್ಲಿಲ್ಲದಿದ್ದರೆ ಡಿಜಿಲಾಕರ್‌ನಲ್ಲೋ ವಿಮೆಯ ಪಾಲಿಸಿಯಲ್ಲೋ ಸಿಗುತ್ತವೆ. ನೋಂದಾಯಿತ ಮೊಬೈಲ್‌ಗೆ ಒಟಿಪಿ ಬರುವುದೂ ಉಂಟು. ಇದು ಕಿರಿಕಿರಿ ಎನಿಸಬಹುದು. ಗಾಡಿ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳುವ ಕೆಲಸ ಅದು. ನಕಲಿ ಪುಟಗಳ ವರಸೆಯೇ ಬೇರೆ: ಯಾವ ಗಾಡಿಯ ಸಂಖ್ಯೆ ಹಾಕಿದರೂ ಅವು ಒಂದು ದಂಡ ತೋರಿಸುತ್ತವೆ, ಆಮೇಲೆ ಕೇಳುವುದು ಕಾರ್ಡಿನ ಸಂಖ್ಯೆ ಮತ್ತು ಹಿಂದಿನ ಮೂರು ಅಂಕಿ.

ಮೇಷ್ಟ್ರ ಸ್ಕೂಟರಿಗೆ ಅಲ್ಲಿಯೂ ಏನೂ ಬಾಕಿ ಇರಲಿಲ್ಲ. ಹಾಗಿದ್ದರೂ ಇನ್ನೊಂದು ಕಡೆ ನೋಡುವುದು ಉಳಿದಿತ್ತು. ಬೆಂಗಳೂರಿನ ಸಂಚಾರ ಪೊಲೀಸರಿಗೆ ತಮ್ಮದೇ ಜಾಲತಾಣವಿದೆ, btp.karnataka.gov.in. ನಗರದ ಕ್ಯಾಮೆರಾಗಳು ಹಿಡಿದ ಪ್ರಕರಣಗಳನ್ನು ಅಲ್ಲಿಯೂ ನೋಡುವುದು ಒಳ್ಳೆಯದು. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣಬಹುದು. ಅಲ್ಲಿ ಸಂಖ್ಯೆ ಹಾಕಿದಾಗ ಒಂದು ಚಲನ್ ಬಂತು. ಸಂದೇಶದಲ್ಲಿದ್ದ ಸಿಗ್ನಲ್ ಪ್ರಕರಣ ಅದಲ್ಲ, ತಾರೀಖೂ ಬೇರೆ. ಹೆಲ್ಮೆಟ್ ಇಲ್ಲದ ಸವಾರಿ, 500 ರೂಪಾಯಿ. ಜೊತೆಗೆ ಫೋಟೊ: ಮೇಷ್ಟ್ರ ಸ್ಕೂಟರ್, ನಂಬರ್ ಪ್ಲೇಟ್ ಸ್ಪಷ್ಟ, ಮುಂದೆ ಬರಿತಲೆಯಲ್ಲಿ ಕೂತವನು ಅವರ ಮಗ. ಹಬ್ಬದ ರಜೆ ಮುಗಿಸಿ ಬೆಂಗಳೂರಿಗೆ ಹೋಗುವಾಗ ಅವನು ಸ್ಕೂಟರನ್ನು ಕೊಂಡೊಯ್ದು ಕೆಲವು ವಾರ ಅಲ್ಲೇ ಇಟ್ಟುಕೊಂಡಿದ್ದ.

ಬಂದ ಸಂದೇಶ ಸುಳ್ಳು, ಬಾಕಿ ಇದ್ದ ದಂಡ ನಿಜ. ಲಿಂಕ್ ಒತ್ತಿ ಐನೂರು ಕಟ್ಟಿದ್ದರೆ ಹಣ ವಂಚಕನಿಗೆ ಹೋಗುತ್ತಿತ್ತು, ಪೊಲೀಸರ ದಾಖಲೆಯಲ್ಲಿ ದಂಡ ಹಾಗೇ ಉಳಿಯುತ್ತಿತ್ತು. ‘ಇದೆಲ್ಲ ಮೋಸ’ ಎಂದು ಸಂದೇಶವನ್ನು ಅಳಿಸಿ ಸುಮ್ಮನಾಗಿದ್ದರೂ ದಂಡ ಉಳಿಯುತ್ತಿತ್ತು. ಮೇಷ್ಟ್ರು ಅಲ್ಲೇ, ಅದೇ ಜಾಲತಾಣದಲ್ಲಿ, ಹಣ ಕಟ್ಟಿ ರಸೀದಿ ಇಳಿಸಿಕೊಂಡರು.

ಫೋಟೊ ನೋಡುವುದನ್ನು ಯಾರೂ ಬಿಡಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಅಧಿಕೃತ ದಾಖಲೆಯೂ ತಪ್ಪಬಹುದು. ಕ್ಯಾಮೆರಾ 3 ಅನ್ನು 8 ಎಂದು ಓದಿರಬಹುದು, ನಿಮ್ಮ ಸಂಖ್ಯೆಯನ್ನು ಬೇರೆ ಯಾರೋ ತಮ್ಮ ಗಾಡಿಗೆ ಬರೆಸಿಕೊಂಡಿರಬಹುದು. ಫೋಟೊದಲ್ಲಿರುವುದು ನಿಮ್ಮ ಗಾಡಿ ಅಲ್ಲವಾದರೆ ಹಣ ಕಟ್ಟಬೇಡಿ, ಸಂಚಾರ ಪೊಲೀಸರಿಗೆ ಆಕ್ಷೇಪಣೆ ಕೊಡಿ. ಒಮ್ಮೆ ಕಟ್ಟಿದರೆ ತಪ್ಪನ್ನು ಒಪ್ಪಿಕೊಂಡಂತೆಯೇ ಲೆಕ್ಕ.

ವಿಳಾಸ ಓದುವ ಬಗ್ಗೆಯೂ ಒಂದು ಮಾತು ಹೇಳಬೇಕು. echallan, parivahan ಎಂಬ ಪದಗಳು ಕಂಡ ಮಾತ್ರಕ್ಕೆ ಅದು ಸರ್ಕಾರದ ಪುಟವಾಗುವುದಿಲ್ಲ, ಆ ಪದಗಳನ್ನು ಯಾರು ಬೇಕಾದರೂ ತಮ್ಮ ವಿಳಾಸದೊಳಗೆ ಸೇರಿಸಿಕೊಳ್ಳಬಹುದು. ಮೊದಲ ಒಂಟಿ ಓರೆಗೆರೆ ಎಲ್ಲಿದೆ ನೋಡಿ, ಅದಕ್ಕೆ ತಾಗಿ ಎಡಕ್ಕೆ ಏನಿದೆ ಎಂದು ಓದಿ. ಅಲ್ಲಿ .gov.in ಇರಬೇಕು. ಆ ಕೊನೆಪದ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. parivahan.gov.in ಎಂದು ಬರೆದು ಅದರ ಮುಂದೆ ಇನ್ನೊಂದು ಚುಕ್ಕಿ, ಇನ್ನೊಂದು ಹೆಸರು ಇದ್ದರೆ ಪುಟದ ಒಡೆಯ ಆ ಕೊನೆಯ ಹೆಸರಿನವನು. ಮೊಬೈಲ್‌ನ ಸಣ್ಣ ಪರದೆಯಲ್ಲಿ ವಿಳಾಸದ ಬಾಲ ಕಾಣಿಸದೆ ಹೋಗುವುದೂ ಇದೆ. ಟೈಪ್ ಮಾಡಿಯೇ ಹೋಗಿ ಎನ್ನುವುದು ಅದಕ್ಕೇ.

ಲಿಂಕ್‌ಗಿಂತ ಅಪಾಯಕಾರಿಯಾದದ್ದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೈಲ್. ಚಲನ್‌ನ ಪ್ರತಿ ಎಂಬಂತೆ ಕಾಣುತ್ತದೆ, ಹೆಸರಿನ ಕೊನೆಗೆ .apk ಎಂದಿರುತ್ತದೆ. ಅದು ಕಾಗದವಲ್ಲ, ಆ್ಯಪ್. ಹಾಕಿಕೊಂಡರೆ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ಕೊಟ್ಟ ಗಳಿಗೆಯಿಂದ ಬ್ಯಾಂಕಿನ ಒಟಿಪಿಗಳು ವಂಚಕನಿಗೂ ತಲುಪುತ್ತವೆ, ನೀವು ಯಾರಿಗೂ ಏನೂ ಹೇಳದಿದ್ದರೂ ಖಾತೆ ಖಾಲಿಯಾಗುವುದು ಹೀಗೆ. ಹಾಕಿಕೊಂಡಾಗಿದ್ದರೆ ಆ ಫೋನಿನ ಡೇಟಾ, ವೈಫೈ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಿ, 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುತ್ತಾ ಹೋಗುವುದರಿಂದ ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟ ದೂರಿಗೇ ಬೆಲೆ. cybercrime.gov.in ನಲ್ಲಿಯೂ ದೂರು ದಾಖಲಿಸಬಹುದು.

ರಿಯಾಯಿತಿಯ ಕಾಲದಲ್ಲಿ ಹೆಚ್ಚು ಎಚ್ಚರ ಬೇಕು. ಬಾಕಿ ದಂಡಕ್ಕೆ ಅರ್ಧದಷ್ಟು ವಿನಾಯಿತಿಯನ್ನು ರಾಜ್ಯ ಸರ್ಕಾರ 2023ರ ಫೆಬ್ರವರಿಯಲ್ಲಿ ಕೊಟ್ಟಿತ್ತು, 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೂ ಕೊಟ್ಟಿತು. ‘ಇವತ್ತೇ ಕೊನೆ ದಿನ, ಅರ್ಧ ದುಡ್ಡು’ ಎಂಬ ಸಂದೇಶವನ್ನು ಆಗ ನಂಬುವವರು ಹೆಚ್ಚು. ನಿಜವಾದ ವಿನಾಯಿತಿಗೆ ಯಾರ ಲಿಂಕೂ ಬೇಕಿಲ್ಲ. ಅಧಿಕೃತ ಜಾಲತಾಣದಲ್ಲಿ, ಸಂಚಾರ ಠಾಣೆಯಲ್ಲಿ, ಕರ್ನಾಟಕ ಒನ್ ಕೇಂದ್ರದಲ್ಲಿ ಎಲ್ಲಿ ಕೇಳಿದರೂ ಅದು ಸಿಗುತ್ತದೆ. ಮೊಬೈಲ್ ಬಳಕೆ ಕಷ್ಟ ಎನ್ನುವ ಹಿರಿಯರು ಗಾಡಿ ಸಂಖ್ಯೆ ಬರೆದುಕೊಂಡು ಆ ಕೇಂದ್ರಕ್ಕೆ ಹೋಗುವುದೇ ಒಳ್ಳೆಯದು.

ಈ ವಿಧಾನಕ್ಕೆ ಒಂದು ಮಿತಿಯಿದೆ. ಇಂದು ನಡೆದ ಉಲ್ಲಂಘನೆ ಇಂದೇ ಜಾಲತಾಣದಲ್ಲಿ ಕಾಣಬೇಕೆಂದಿಲ್ಲ. ಸಂದೇಶ ಬಂದ ದಿನ ಏನೂ ಸಿಗದಿದ್ದರೆ ಕೆಲವು ದಿನ ಬಿಟ್ಟು ಮತ್ತೆ ನೋಡಿ. ಅಷ್ಟರಲ್ಲಿ ಆಕಾಶ ಬೀಳುವುದಿಲ್ಲ, ದಂಡ ಕಟ್ಟಲು ಕಾನೂನು ಕೊಡುವ ಅವಕಾಶ ದಿನಗಳ ಲೆಕ್ಕದ್ದು, ಗಂಟೆಗಳ ಲೆಕ್ಕದ್ದಲ್ಲ. ಪ್ರಕರಣ ನ್ಯಾಯಾಲಯಕ್ಕೆ ಹೋಗಿದೆ ಎಂದು ಜಾಲತಾಣವೇ ತೋರಿಸಿದರೆ vcourts.gov.in ನಲ್ಲಿ ವಿವರ ಹುಡುಕಬಹುದು.

ಮೇಷ್ಟ್ರಿಗೆ ನಿಜವಾದ ಚಲನ್‌ನ ಸಂದೇಶ ಏಕೆ ಬರಲಿಲ್ಲ ಎಂದು ನೋಡಿದರೆ, ಸ್ಕೂಟರ್ ಕೊಂಡಾಗ ಕೊಟ್ಟಿದ್ದ ಹಳೆಯ ಮೊಬೈಲ್ ಸಂಖ್ಯೆಯೇ ಸಾರಿಗೆ ಇಲಾಖೆಯ ದಾಖಲೆಯಲ್ಲಿತ್ತು. ಸುಳ್ಳು ಸಂದೇಶ ಹೊಸ ಸಂಖ್ಯೆಗೆ ಬಂತು, ನಿಜವಾದದ್ದು ಬಳಕೆಯಲ್ಲಿಲ್ಲದ ಸಂಖ್ಯೆಗೆ ಹೋಯಿತು. ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡವರಲ್ಲಿ ಇದು ಇನ್ನೂ ಸಾಮಾನ್ಯ, ಚಲನ್ ಸಂದೇಶ ಹಳೆಯ ಮಾಲೀಕರಿಗೆ ಹೋಗುತ್ತಿರುತ್ತದೆ. ಪರಿವಾಹನದ parivahan.gov.in ಜಾಲತಾಣದಲ್ಲೋ ಆರ್‌ಟಿಒ ಕಚೇರಿಯಲ್ಲೋ ಮೊಬೈಲ್ ಸಂಖ್ಯೆಯನ್ನು ತಿದ್ದಿಸಿಕೊಳ್ಳಬಹುದು. ನಿಮ್ಮ ಆರ್‌ಸಿಗೆ ಜೋಡಿಸಿರುವ ಸಂಖ್ಯೆ ಈಗ ನಿಮ್ಮ ಕೈಯಲ್ಲಿರುವುದೇ ಎಂದು ಈ ವಾರ ದಯವಿಟ್ಟು ನೋಡಿಕೊಳ್ಳಿ, ಮನೆಯ ಹಿರಿಯರ ಗಾಡಿಯದನ್ನೂ ನೋಡಿಕೊಡಿ.