ಮತಾಂತರವೋ, ಮರಳಿಕೆಯೋ?

ಸಾಮೂಹಿಕ ಮತಾಂತರವೆಂದೊಡನೆ 1956ರಲ್ಲಿ ಡಾ. ಅಂಬೇಡ್ಕರರು ಲಕ್ಷಾಂತರ ಜನರೊಡನೆ ಬೌದ್ಧರಾದ ನಾಗಪುರವೇ ನೆನಪಿಗೆ ಬರುತ್ತದೆ. ಅದಕ್ಕೂ ದಶಕಗಳ ಹಿಂದೆಯೇ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿಯುತ್ತಿದ್ದ ತಮಿಳು ಪರೆಯರಲ್ಲಿ ಅನೇಕರು ಬುದ್ಧನಿಗೆ ಶರಣಾಗಿದ್ದರು. ಇವರಿಗೆ ಮಾರ್ಗದರ್ಶಕರಾದ ಮದರಾಸಿನ ಅಯೋತಿ ದಾಸ ಪಂಡಿತರು 1898ರಲ್ಲಿ ಸಿಂಹಳಕ್ಕೆ ಹೋಗಿ ದೀಕ್ಷೆ ಪಡೆದವರು. ಪರೆಯರು ಮೂಲತಃ ಬೌದ್ಧರು, ಆ ಧರ್ಮವನ್ನು ಬಿಡದಿದ್ದುದಕ್ಕಾಗಿಯೇ ಅಸ್ಪೃಶ್ಯರೆನಿಸಿದರು ಎಂಬುದು ಪಂಡಿತರ ವಾದ. ಇತಿಹಾಸದ ದೃಷ್ಟಿಯಿಂದ ಇದನ್ನು ಸಾಧಿಸುವುದು ಕಠಿಣ. ಆದರೂ ಅದರ ನೈತಿಕ ಬಲವನ್ನು ಅಲ್ಲಗಳೆಯಲಾಗದು. ನಾಗಪುರದವರು 22 ಪ್ರತಿಜ್ಞೆಗಳೊಡನೆ ಹಳೆಯ ಮನೆಯನ್ನು ತೊರೆದರು. ಗಣಿಯವರಾದರೋ ಅದು ತಮ್ಮ ಮನೆಯೇ ಆಗಿರಲಿಲ್ಲವೆಂದರು. ಹಾಗಾದರೆ ಆ ಮನೆಯ ಯಜಮಾನರು ಇವರನ್ನು ಕೀಳೆಂದು ಕರೆದದ್ದು ಯಾವ ಅಧಿಕಾರದಿಂದ?