ಪೊಟ್ಟಣದ ಮೇಲಿನ ನಿಮಿಷ

ಅಂಕೋಲೆ ಪೇಟೆಗೆ ಹೋದವರು ಭಾವಿಕೇರಿಗೆ ಮರಳುವಾಗ ಚೀಲದಲ್ಲಿ ಈಗ ಫ್ರೋಜನ್ ಪರಾಠಾವೂ ಇರುತ್ತದೆ. ಪೊಟ್ಟಣದ ಹಿಂದೆ ‘ಮಧ್ಯಮ ಉರಿ, ಎರಡೂ ಬದಿ ಎರಡೆರಡು ನಿಮಿಷ’ ಎಂದು ಬರೆದಿರುತ್ತದೆ. ಅದು ಕಾವಲಿಯ ಲೆಕ್ಕ. ಮೈಕ್ರೋವೇವಿಗೂ ಏರ್ ಫ್ರೈಯರಿಗೂ ಅದನ್ನೇ ಹಚ್ಚಿದರೆ ಹದ ತಪ್ಪುತ್ತದೆ.

ನಿಮಿಷ ನೋಡುವ ಮೊದಲು ಪರಾಠಾವನ್ನೇ ನೋಡಬೇಕು. ಮೈಮೇಲೆ ಕಂದು ಚುಕ್ಕೆಗಳಿದ್ದರೆ ಅದು ಅರೆಬೆಂದದ್ದು, ಬಿಸಿಯಾಗಿ ಗರಿಯಾದರೆ ಸಾಕು. ಬರೀ ಬಿಳಿಚಿಕೊಂಡು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಕೂತಿದ್ದರೆ ಹಸಿ ಹಿಟ್ಟು, ಅದು ಬೇಯಲೇಬೇಕು.

ಹಸಿ ಪರಾಠಾಕ್ಕೆ ಬೀಡಿನ ಕಾವಲಿಯೇ ಸರಿ. ಫ್ರೀಜರಿನಿಂದ ತೆಗೆದದ್ದನ್ನು ಕರಗಲು ಬಿಡದೆ ನೇರ ಕಾದ ಕಾವಲಿಗೆ ಹಾಕಬೇಕು. ಕರಗಿತೆಂದರೆ ಪದರಗಳ ನಡುವಿನ ಜಿಡ್ಡು ಮೆತ್ತಗಾಗಿ ಹಿಟ್ಟು ಹಿಟ್ಟಿಗೆ ಅಂಟುತ್ತದೆ, ಹಾಳೆಯೂ ಬಿಡುವುದಿಲ್ಲ. ಎಣ್ಣೆಗೆ ಅವಸರ ಬೇಡ. ಮೇಲಿನ ಮಂಜು ಆರಿ, ಹಿಟ್ಟಿನ ಬಿಳುಪು ಹೋಗಿ ಮಾಸಲಾದಾಗ ಮಗುಚಿ, ಆಮೇಲೆ ಅಂಚಿಗೆ ಎಣ್ಣೆ ಬಿಡಬೇಕು. ಹೊರಗೆ ಕಪ್ಪಾಗಿ ಒಳಪದರ ಅಂಟಂಟಾಗಿದ್ದರೆ ಉರಿ ಹೆಚ್ಚಾಯಿತೆಂದೇ ಅರ್ಥ. ನಿಮಿಷ ಕೂಡಿಸುವ ಬದಲು ಉರಿ ತಗ್ಗಿಸಬೇಕು.

ಮೈಕ್ರೋವೇವ್ ಹಿಟ್ಟಿನೊಳಗಿನ ನೀರನ್ನು ಕಾಯಿಸುತ್ತದೆ. ನೀರಿರುವಷ್ಟು ಹೊತ್ತು ಕಾವು 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಪರಾಠಾ ಕೆಂಪಾಗುವುದಿಲ್ಲ. ನೀರು ಹೋದ ಮೇಲೆ ತಣಿದಂತೆ ತೊಗಲಾಗುತ್ತದೆ. ಹಾಗಾಗಿ ಹಸಿಯದ್ದನ್ನು ಅದರಲ್ಲಿ ಇಡಲೇಬಾರದು. ಅರೆಬೆಂದದ್ದನ್ನು ಅರ್ಧ ನಿಮಿಷ ಬಿಸಿ ಮಾಡಿ ಕಾವಲಿಗೆ ದಾಟಿಸಿದರೆ ಚೆನ್ನ. ಮೈಕ್ರೋವೇವಿನ ಸಮಯ ಬರೆದ ಪೊಟ್ಟಣಗಳಲ್ಲಿ ವ್ಯಾಟ್ ಗಮನಿಸಿ: 800 ವ್ಯಾಟಿಗೆ 60 ಸೆಕೆಂಡು ಎಂದಿದ್ದರೆ 700ರ ಯಂತ್ರಕ್ಕೆ ಸುಮಾರು 70 ಬೇಕು. ಸಂಜೆ ವೋಲ್ಟೇಜ್ ಇಳಿದರೆ ಇನ್ನೂ ಹೆಚ್ಚು. ಸಿದ್ಧ ಪಲ್ಯ, ಸಾರುಗಳ ಅಲ್ಯೂಮಿನಿಯಂ ಪದರದ ಚೀಲವನ್ನಂತೂ ಅದರೊಳಗೆ ಇಡಬಾರದು. ಕುದಿಯುವ ನೀರಿನಲ್ಲಿ ಇಡಬೇಕು, ಇಲ್ಲವೇ ಬಟ್ಟಲಿಗೆ ಸುರಿದುಕೊಳ್ಳಬೇಕು.

ಏರ್ ಫ್ರೈಯರಿನದು ಒಣಗಾಳಿ. ಒಳಗೆ ಬೇಯುವಷ್ಟರಲ್ಲಿ ಹೊರಗಿನ ತೇವ ಹೀರಿಬಿಡುವುದರಿಂದ ಪರಾಠಾ ಬಿಸ್ಕೀಟಿನಂತೆ ಒಡೆಯುತ್ತದೆ. ಎರಡೂ ಬದಿಗೆ ಎಣ್ಣೆ ಸವರಿ, 180 ಡಿಗ್ರಿಗೆ ಮೊದಲೇ ಕಾಯಿಸಿದ ಬುಟ್ಟಿಯಲ್ಲಿ ಒಂದೊಂದನ್ನೇ ಹಾಸಿ, ನಾಲ್ಕು ನಿಮಿಷಕ್ಕೆ ಮಗುಚಿ ಇನ್ನೆರಡು ನಿಮಿಷ ಕೊಟ್ಟು ನೋಡಬೇಕು. ಆಲೂ ತುಂಬಿದ್ದಾದರೆ ಕಾವು ಸ್ವಲ್ಪ ಇಳಿಸಿ ಹೊತ್ತು ಹೆಚ್ಚಿಸಿ, ನಡು ಮುರಿದು ಹೂರಣ ಬಿಸಿಯಾಗಿದೆಯೇ ಪರೀಕ್ಷಿಸಬೇಕು.

ಮಳೆಗಾಲದಲ್ಲಿ ಕರೆಂಟು ಹೋದ ದಿನ ಈ ಲೆಕ್ಕವೆಲ್ಲ ಬದಲಾಗುತ್ತದೆ. ಪರಾಠಾಗಳು ಮೆತ್ತಗಾಗಿದ್ದರೂ ಇನ್ನೂ ತಣ್ಣಗಿದ್ದರೆ ಅಂದೇ ಕಾವಲಿಗೆ ಹಾಕಿ ಮುಗಿಸಿ. ಬೆಚ್ಚಗಾಗಿದ್ದರೆ ಅಥವಾ ಹುಳಿವಾಸನೆ ಹಿಡಿದಿದ್ದರೆ ಎಸೆಯಿರಿ. ಕರೆಂಟು ಬಂದಮೇಲೆ ಗಟ್ಟಿಯಾಗಲೆಂದು ಮತ್ತೆ ಫ್ರೀಜರಿಗೆ ತಳ್ಳಬೇಡಿ. ಗಟ್ಟಿಯಾದದ್ದು ಎಷ್ಟು ಹೊತ್ತು ಬೆಚ್ಚಗಿತ್ತೆಂದು ಆಮೇಲೆ ಕೈಗೂ ಕಣ್ಣಿಗೂ ತಿಳಿಯುವುದಿಲ್ಲ.