ಅರವತ್ತು ಪದಗಳ ಪರಿಚಯ

ಕ್ರೀಡಾಕೂಟದ ಕೈಪಿಡಿಯಲ್ಲಿ ಒಬ್ಬ ಅಥ್ಲೀಟ್‌ಗೆ ಸಿಗುವುದು ಹೆಚ್ಚೆಂದರೆ ಅರವತ್ತು ಪದಗಳ ಜಾಗ. ‘ಅಪ್ರತಿಮ’, ‘ಚಿನ್ನದ ಹುಡುಗಿ’, ‘ದೇಶದ ಹೆಮ್ಮೆ’ ಎಂದು ಬರೆದರೆ ಐದು ಪದ ಖರ್ಚಾಯಿತು. ಆಕೆ ಮಾಡಿದ್ದೇನು ಎಂಬುದು ಇನ್ನೂ ಬಂದಿಲ್ಲ.

*

ಸಾಧನೆಯ ಸಾಲು ನಿಲ್ಲುವುದು ನಾಲ್ಕು ಕಾಲಿನ ಮೇಲೆ: ಯಾವ ಕೂಟ, ಯಾವ ವರ್ಷ, ಎಷ್ಟನೇ ಸ್ಥಾನ, ಎಷ್ಟು ದೂರ ಅಥವಾ ಎಷ್ಟು ಸಮಯ. ಒಂದು ಇಲ್ಲದಿದ್ದರೂ ಕುಂಟುತ್ತದೆ. ಆ ಕುಂಟು ಮುಚ್ಚಲೆಂದೇ ವಿಶೇಷಣಗಳು ಓಡಿಬರುತ್ತವೆ.

*

ಮೈಸೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ವಿಕಾಸ್ ಗೌಡ ಅವರ ಮೂರು ಡಿಸ್ಕಸ್ ಎಸೆತಗಳನ್ನು ನೋಡಿ. 2010ರ ದೆಹಲಿ ಕಾಮನ್‌ವೆಲ್ತ್ ಕೂಟದಲ್ಲಿ 63.69 ಮೀಟರ್, ಬೆಳ್ಳಿ. 2012ರ ಲಂಡನ್ ಒಲಿಂಪಿಕ್ಸ್ ಫೈನಲ್‌ನಲ್ಲಿ 64.79 ಮೀಟರ್, ಎಂಟನೇ ಸ್ಥಾನ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ 63.64 ಮೀಟರ್, ಚಿನ್ನ. ಮೂರರಲ್ಲಿ ಅತಿ ಕಡಿಮೆ ದೂರಕ್ಕೆ ಚಿನ್ನ ಬಂತು; ಅತಿ ಹೆಚ್ಚು ದೂರಕ್ಕೆ ಪದಕವೇ ಬರಲಿಲ್ಲ.

*

ಪದಕ ಹೇಳುವುದು ಅಂದು ಎದುರಿಗೆ ಯಾರಿದ್ದರು ಎಂಬುದನ್ನು. ದೂರ ಹೇಳುವುದು ಅಂದು ತೋಳು ಏನು ಮಾಡಿತು ಎಂಬುದನ್ನು. ಪದಕಗಳನ್ನಷ್ಟೇ ಪಟ್ಟಿ ಮಾಡುವವನು ವಿಕಾಸ್ ಅವರ ಲಂಡನ್ ಎಸೆತವನ್ನು ಕೈಬಿಡುತ್ತಾನೆ. ದೂರಗಳನ್ನಷ್ಟೇ ನೋಡುವವನು ಗ್ಲಾಸ್ಗೋ ಚಿನ್ನವನ್ನು ಕೆಳಗೆ ತಳ್ಳುತ್ತಾನೆ. ಎರಡೂ ಒಂದೇ ಸಾಲಿನಲ್ಲಿರಲಿ.

*

2016ರಲ್ಲಿ ಒಂದು ಕೈಪಿಡಿಗೆ ಬರೆಯಬೇಕಿದ್ದರೆ ಇಷ್ಟು ಸಾಕಿತ್ತು: ‘ವಿಕಾಸ್ ಗೌಡ, ಡಿಸ್ಕಸ್ ಎಸೆತ. 2014ರ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ (63.64 ಮೀ). 2013ರ ಪುಣೆ, 2015ರ ವುಹಾನ್ ಏಷ್ಯನ್ ಚಾಂಪಿಯನ್‌ಷಿಪ್‌ಗಳಲ್ಲಿ ಚಿನ್ನ. 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ. 2012ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಎಂಟನೇ ಸ್ಥಾನ (64.79 ಮೀ). ವೈಯಕ್ತಿಕ ಶ್ರೇಷ್ಠ 66.28 ಮೀ, 2012.’ ಇದರಲ್ಲಿ ಹೊಗಳಿಕೆಯ ಮಾತು ಒಂದೂ ಇಲ್ಲ. ಓದಿದವನಿಗೆ ಗೌರವ ಕಡಿಮೆಯಾಗುವುದೂ ಇಲ್ಲ.

*

ವೈಯಕ್ತಿಕ ಶ್ರೇಷ್ಠದ ಪಕ್ಕದಲ್ಲಿ ವರ್ಷ ಇರಲೇಬೇಕು. ವರ್ಷ ಕಿತ್ತ ಅಂಕಿ ನಾಲ್ಕು ವರ್ಷದ ಹಿಂದಿನ ಎಸೆತವನ್ನು ಇಂದಿನ ಶಕ್ತಿ ಎಂದು ತೋರಿಸುತ್ತದೆ. ಜಾಗವಿದ್ದರೆ ಈ ಋತುವಿನ ಶ್ರೇಷ್ಠವನ್ನೂ ಕೊಡಿ. ಎರಡರ ನಡುವಿನ ಅಂತರ ನೋಡಿದ ಪ್ರೇಕ್ಷಕನಿಗೆ ಏರುತ್ತಿರುವವರು ಯಾರು, ಮರಳಿ ಬರಲು ಹೆಣಗುತ್ತಿರುವವರು ಯಾರು ಎಂದು ತಾನಾಗಿ ತಿಳಿಯುತ್ತದೆ.

*

ಒಂದು ಸೊನ್ನೆಯಿಂದಲೂ ಸುಳ್ಳು ಹೇಳಬಹುದು. ಸ್ಟಾಪ್‌ವಾಚಿನಲ್ಲಿ ಹಿಡಿದ ನೂರು ಮೀಟರ್ ಸಮಯವನ್ನು 10.8 ಎಂದು ಒಂದೇ ದಶಮಾಂಶಕ್ಕೆ ಬರೆಯುತ್ತಾರೆ. ಅದನ್ನು 10.80 ಮಾಡಿದರೆ ವಿದ್ಯುನ್ಮಾನ ಯಂತ್ರ ಅಳೆದಂತೆ ಕಾಣುತ್ತದೆ. ಗುಂಡಿನ ಸದ್ದಿಗೆ ಬೆರಳು ತಡವಾಗಿ ಒತ್ತುವುದರಿಂದ ಸ್ಟಾಪ್‌ವಾಚಿನ ಸಮಯ ಇದ್ದುದಕ್ಕಿಂತ ಚುರುಕಾಗಿ ಬರುತ್ತದೆ. ಹೋಲಿಸಿ ನೋಡುವವರು ನೂರು ಮೀಟರ್‌ಗೆ 0.24 ಸೆಕೆಂಡು ಕೂಡಿಸಿಕೊಳ್ಳುವುದು ರೂಢಿ. ಆ ಲೆಕ್ಕದಲ್ಲಿ 10.8 ಎಂದರೆ ಸುಮಾರು 11.04. ಹನ್ನೊಂದರ ಒಳಗೆ ಓಡಿದವನೆಂದು ಸೊನ್ನೆ ಹೇಳಿಬಿಟ್ಟಿತ್ತು.

*

ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಿದರೆ ಆ ನೂರು ಮೀಟರ್ ಓಟವಾಗಲಿ, ಉದ್ದ ಜಿಗಿತವಾಗಲಿ ದಾಖಲೆಗೆ ಸಲ್ಲುವುದಿಲ್ಲ. ಅದರಲ್ಲಿ ಗೆದ್ದ ಪದಕ ಮಾತ್ರ ಪೂರ್ತಿ ಸಲ್ಲುತ್ತದೆ; ಓಟದಲ್ಲಾದರೆ ಅದೇ ಗಾಳಿ ಎಲ್ಲರ ಬೆನ್ನಿಗೂ ಇತ್ತು. ಆದ್ದರಿಂದ ಪದಕವನ್ನು ಧೈರ್ಯವಾಗಿ ಬರೆಯಿರಿ. ಅಂಕಿಯ ಪಕ್ಕ ‘ಗಾಳಿಯ ನೆರವು’ ಎಂದು ಸೇರಿಸಿ.

*

‘ಗುಂಡು ಎಸೆತ, 18 ಮೀಟರ್’ ಎಂಬ ಸಾಲು ಗುಂಡಿನ ತೂಕ ಹೇಳುವವರೆಗೆ ಏನನ್ನೂ ಹೇಳಿಲ್ಲ. ಹಿರಿಯ ಪುರುಷರದು 7.26 ಕಿಲೋ, 20 ವರ್ಷದೊಳಗಿನವರದು 6, 18 ವರ್ಷದೊಳಗಿನವರದು 5. ಹುಡುಗ ಐದು ಕಿಲೋ ಗುಂಡನ್ನು ಎಸೆದ ದೂರವನ್ನು ದೊಡ್ಡವರ ಪಟ್ಟಿಯಲ್ಲಿ ತೂಕವಿಲ್ಲದೆ ಮುದ್ರಿಸುವುದು ಅವನಿಗೂ ಉಪಕಾರವಲ್ಲ. ಸ್ಪರ್ಧೆಯ ದಿನ ಅವನ ಕೈಗೆ ಬರುವುದು 7.26 ಕಿಲೋ ಗುಂಡು. ಜನ ಕಾಯುವುದು 18 ಮೀಟರ್‌ಗೆ.

*

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್, ಮಹಿಳೆಯರ 400 ಮೀಟರ್ ಹರ್ಡಲ್ಸ್: ಪಿ.ಟಿ. ಉಷಾ 55.42 ಸೆಕೆಂಡು, ನಾಲ್ಕನೇ ಸ್ಥಾನ. ಕಂಚು ಗೆದ್ದವರದು 55.41. ‘ಕೂದಲೆಳೆಯ ಅಂತರ’, ‘ಹೃದಯ ಒಡೆದ ಕ್ಷಣ’ ಎಂದು ಬರೆಯುವವರಿಗೆ ಆ ಎರಡು ಅಂಕಿಗಳ ಮೇಲೆ ನಂಬಿಕೆ ಇಲ್ಲ.

*

‘ಅಂತರರಾಷ್ಟ್ರೀಯ ಕ್ರೀಡಾಪಟು’ ಎಂಬುದು ಚಿನ್ನ ಗೆದ್ದವನಿಗೂ ಹೊಂದುತ್ತದೆ, ಹೀಟ್ಸ್‌ನಲ್ಲೇ ಹೊರಬಿದ್ದವನಿಗೂ ಹೊಂದುತ್ತದೆ. ಇಬ್ಬರಿಗೂ ಹೊಂದುವ ಬಿರುದು ಇಬ್ಬರನ್ನೂ ಪರಿಚಯಿಸುವುದಿಲ್ಲ. ‘ಸೆಮಿಫೈನಲ್ ತಲುಪಿದರು’ ಎಂಬುದು ಸಣ್ಣ ಮಾತೆನಿಸಬಹುದು. ಆದರೆ ಅದು ಅವರದೇ ಮಾತು.

*

‘ಹಲವಾರು ಪದಕಗಳ ವಿಜೇತ’ ಎಂದರೆ ಬರೆದವನು ಎಣಿಸಿಲ್ಲ ಎಂದರ್ಥ. ಅಥ್ಲೀಟೋ ಕೋಚೋ ತುಂಬಿ ಕಳಿಸಿದ ನಮೂನೆಯ ಒಂದೊಂದು ಸಾಲನ್ನೂ ಆಯಾ ಕೂಟದ ಫಲಿತಾಂಶ ಪಟ್ಟಿಯ ಜೊತೆ ತಾಳೆ ನೋಡಬೇಕು. ಸಿಗದ ಸಾಲನ್ನು ‘ಸುಮಾರು’ ಎಂದು ಮೆತ್ತಗೆ ಮಾಡುವುದಲ್ಲ, ಅಥ್ಲೀಟ್‌ಗೆ ಹೇಳಿ ತೆಗೆಯುವುದು.

*

ಸತ್ಯವೂ ತಿದ್ದುಪಡಿಯಾಗುತ್ತದೆ. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ 4x400 ಮಿಶ್ರ ರಿಲೇಯಲ್ಲಿ ಕರ್ನಾಟಕದ ಎಂ.ಆರ್. ಪೂವಮ್ಮ ಇದ್ದ ಭಾರತ ತಂಡ ಪಡೆದದ್ದು ಬೆಳ್ಳಿ. ಮೊದಲು ಬಂದಿದ್ದ ಬಹರೇನ್ ತಂಡದ ಓಟಗಾರ್ತಿ ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಆ ಫಲಿತಾಂಶ ರದ್ದಾದ ಮೇಲೆ, 2020ರಲ್ಲಿ ಅದು ಚಿನ್ನವಾಯಿತು. 2019ರ ಕೈಪಿಡಿಯಲ್ಲಿ ‘ಬೆಳ್ಳಿ’ ಎಂದಿದ್ದರೆ ಸರಿ; 2021ರದು ಅದನ್ನೇ ನಕಲು ಮಾಡಿದ್ದರೆ ತಪ್ಪು. ಹಳೆಯ ಪರಿಚಯವನ್ನು ಮತ್ತೆ ಬಳಸುವ ಮುನ್ನ ಹಳೆಯ ಪದಕಗಳನ್ನೂ ಮತ್ತೆ ನೋಡಬೇಕು. ಪುಟದ ಕೊನೆಯಲ್ಲಿ ‘ಇಂಥ ದಿನದವರೆಗಿನ ಮಾಹಿತಿ’ ಎಂದು ಅಚ್ಚಾಗಬೇಕು.

*

ಅದೇ ಸಾಲಿನಲ್ಲಿ ‘ರಿಲೇ’ ಎಂಬ ಪದ ಬಿಟ್ಟರೆ ನಾಲ್ವರ ಚಿನ್ನ ಒಬ್ಬರ ಹೆಸರಿಗೆ ಹೋಗುತ್ತದೆ. ಇನ್ನು ಮೂವರನ್ನು ಅಳಿಸಲು ಎರಡು ಅಕ್ಷರ ಬಿಟ್ಟರೆ ಸಾಕು.

*

ಬಡತನ, ಬರಿಗಾಲು, ಅಮ್ಮ ಅಡವಿಟ್ಟ ಓಲೆ ಇವು ದೊಡ್ಡ ಸಂಗತಿಗಳೇ, ಆದರೆ ಸಾಧನೆಯ ಪಟ್ಟಿಗೆ ಸೇರಿದವಲ್ಲ. ಎಂಟು ಲೇನ್‌ಗಳಲ್ಲಿ ಒಬ್ಬಳ ಕಷ್ಟವನ್ನು ಮಾತ್ರ ಅಚ್ಚು ಹಾಕಿದರೆ ಉಳಿದ ಏಳು ಮಂದಿ ಸುಖವಾಗಿ ಬೆಳೆದವರೆಂದು ಯಾರೂ ವಿಚಾರಿಸದೆ ತೀರ್ಮಾನಿಸಿದಂತಾಗುತ್ತದೆ.

*

ಎಲ್ಲರಿಗೂ ಒಂದೇ ಅಳತೆಗೋಲು ಇರಲಿ, ಒಂದೇ ಉದ್ದ ಬೇಕಿಲ್ಲ. ರಾಷ್ಟ್ರೀಯ ಚಾಂಪಿಯನ್‌ಗೆ ಅರವತ್ತು ಪದ ಬಂದು, ಮೊದಲ ಸಲ ರಾಜ್ಯಮಟ್ಟಕ್ಕೆ ಬಂದವಳಿಗೆ ‘ಜಿಲ್ಲಾ ಕೂಟದಲ್ಲಿ ಎರಡನೇ ಸ್ಥಾನ, 62.3 ಸೆಕೆಂಡು, ಸ್ಟಾಪ್‌ವಾಚ್’ ಎಂಬಷ್ಟೇ ಬಂದರೆ ಅದರಲ್ಲಿ ಅವಮಾನವಿಲ್ಲ. ಅವಳ ಸಾಲನ್ನು ಉಬ್ಬಿಸಿ ಅರವತ್ತಕ್ಕೆ ಎಳೆದರೆ ಅದೊಂದೇ ನಿಜವಾದ ಸಾಲೂ ಕಾಣದೆ ಹೋಗುತ್ತದೆ.

*

ಕೈಪಿಡಿಯ ಅತ್ಯಂತ ಕಟ್ಟುನಿಟ್ಟಿನ ಓದುಗ ಸಂಪಾದಕನಲ್ಲ, ಪಕ್ಕದ ಲೇನಿನ ಎದುರಾಳಿ. ಆ ದಿನ ಆ ಓಟದಲ್ಲಿ ಅವನೂ ಓಡಿದ್ದ. ಗಾಳಿ ಎಷ್ಟಿತ್ತು, ಗಡಿಯಾರ ಯಾವುದು, ಮೂರನೆಯವನು ಯಾರು ಎಂಬುದೆಲ್ಲ ಅವನಿಗೆ ಗೊತ್ತು. ಅವನು ಓದಿ ತಲೆಯಾಡಿಸುವಂತಿದ್ದರೆ ಅಚ್ಚಿಗೆ ಕಳಿಸಬಹುದು.